ಗುಂಯ್ ಅಂದಿದ್ದು ಚೋಕ್, ಹೋಗಿದ್ದು ಟ್ಯೂಬ್

ಬೆಂಗಳೂರಿನ ಶ್ರೀನಗರದಲ್ಲಿ ನಮ್ಮ ದೊಡ್ಡಮ್ಮನ ಮನೆ ಇದೆ. ಅಡುಗೆಮನೆಯಲ್ಲಿ ನಾಲ್ಕಡಿಯ ಟ್ಯೂಬ್‌ಲೈಟು. 36 ವ್ಯಾಟಿನ ಟ್ಯೂಬು, ತಗಡಿನ ಪಟ್ಟಿ, ಅದರೊಳಗೆ ಭಾರವಾದ ತಾಮ್ರದ ಚೋಕು, ಪಕ್ಕದಲ್ಲಿ ತಿರುಗಿಸಿ ಹಾಕುವ ಸ್ಟಾರ್ಟರು. ಹಳೇ ಕಾಲದ ಸಾಮಾನು. ಮಲಗುವ ಕೋಣೆಯಲ್ಲೂ ಇಂಥದ್ದೇ ಇನ್ನೊಂದಿದೆ. ಎರಡನ್ನೂ ಒಂದೇ ದಿನ ತಂದು ಹಾಕಿದ್ದು ನಾನೇ.

ಸಂಕ್ರಾಂತಿ ಕಳೆದ ವಾರ ದೊಡ್ಡಮ್ಮ ಫೋನ್ ಮಾಡಿದರು. "ಬೆಳಿಗ್ಗೆ ಲೈಟು ಹಾಕಿದ್ರೆ ಹತ್ತು ನಿಮಿಷ ಕಣ್ಣು ಮಿಟುಕಿಸ್ತಾ ಇರತ್ತೆ ಕಣೋ. ಆಮೇಲೆ ಹತ್ತಿದ್ರೂ ಒಳಗೆ ಜೇನು ಕಟ್ಟಿದ ಹಾಗೆ ಗುಂಯ್ ಅನ್ನತ್ತೆ. ಎರಡು ತುದೀನೂ ಮಸಿ ಹಿಡಿದ ಹಾಗೆ ಕಪ್ಪಾಗಿದೆ."

ಏನೇನು ಮಾಡಿಸಿದಿರಿ ಅಂತ ಕೇಳಿದೆ. ನವೆಂಬರಿನಲ್ಲಿ ಒಂದು ಸ್ಟಾರ್ಟರ್ ಬದಲಾಯಿಸಿದ್ದರು. ಎರಡು ವಾರ ಚೆನ್ನಾಗಿತ್ತು. ಡಿಸೆಂಬರಿನಲ್ಲಿ ಇನ್ನೊಂದು. ಅದು ಹತ್ತು ದಿನ ಬಂತು. ಹಬ್ಬದ ಹಿಂದಿನ ದಿನ ಮೂರನೆಯದು. ಅದು ಎರಡು ದಿನವೂ ನೆಟ್ಟಗೆ ನಡೆಯಲಿಲ್ಲ. ಆಮೇಲೆ ಪಕ್ಕದ ರಸ್ತೆಯ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದರು. ಅವನು ಟ್ಯೂಬ್ ಇಳಿಸಿ ಎರಡೂ ತುದಿಯ ಪಿನ್ನುಗಳಿಗೆ ಮೀಟರ್ ಹಿಡಿದ. ಎರಡು ಕಡೆಯೂ ಕುಂಯ್ ಅಂತ ಸದ್ದು ಬಂತು. "ಟ್ಯೂಬ್ ಚೆನ್ನಾಗಿದೆ ಅಜ್ಜಿ, ಸ್ಟಾರ್ಟರ್ ಹೊಸದು. ಇನ್ನು ಉಳಿದಿರೋದು ಚೋಕ್ ಒಂದೇ. ಹೋಗಿದೆ, ಅದಕ್ಕೇ ಸದ್ದು. ಪಟ್ಟಿ ಸಮೇತ ಕಿತ್ತು ಎಲ್ಇಡಿ ಹಾಕಿಬಿಡೋಣ" ಅಂದ.

ಅವನ ತರ್ಕದಲ್ಲಿ ತಪ್ಪಿಲ್ಲ. ಮೂರರಲ್ಲಿ ಎರಡು ಸರಿಯಿದ್ದರೆ ಮೂರನೆಯದೇ ಕೆಟ್ಟಿರಬೇಕು. ತಪ್ಪಿದ್ದದ್ದು ಟ್ಯೂಬ್ ಸರಿಯಿದೆ ಅಂತ ಅವನು ಮೊದಲೇ ತೀರ್ಮಾನಿಸಿದ್ದರಲ್ಲಿ. ಮೀಟರ್ ಕುಂಯ್ ಅಂದರೆ ಒಳಗಿನ ಫಿಲಮೆಂಟ್ ತುಂಡಾಗಿಲ್ಲ ಅಂತ ಅರ್ಥ, ಅಷ್ಟೇ. ಫಿಲಮೆಂಟಿನ ಮೇಲಿನ ಲೇಪ ಉಳಿದಿದೆಯೋ ಇಲ್ಲವೋ ಅನ್ನುವುದನ್ನು ಆ ಮೀಟರ್ ಹೇಳುವುದಿಲ್ಲ. ಈ ಪ್ರಕರಣ ಪೂರ್ತಿ ನಿಂತಿರುವುದು ಆ ಲೇಪದ ಮೇಲೆ.

ಭಾನುವಾರ ಬೆಳಿಗ್ಗೆ ಆರು ಗಂಟೆಗೇ ಹೋದೆ. ಬೇಕಂತಲೇ ಅಷ್ಟು ಬೇಗ ಹೋಗಿದ್ದು. ಜನವರಿಯ ಬೆಂಗಳೂರಿನ ಬೆಳಗಿನ ಚಳಿಯಲ್ಲಿ ಟ್ಯೂಬಿನೊಳಗಿನ ಪಾದರಸ ಸರಿಯಾಗಿ ಆವಿಯಾಗಿರುವುದಿಲ್ಲ. ಸವೆದ ಟ್ಯೂಬು ಹತ್ತಲು ಆಗ ಇನ್ನೂ ಜಾಸ್ತಿ ಒದ್ದಾಡುತ್ತದೆ. ಮಧ್ಯಾಹ್ನ ಹೋಗಿದ್ದರೆ ಎರಡು ಸಲ ಮಿಟುಕಿ ಹತ್ತಿಬಿಡುತ್ತಿತ್ತು, ನಾನು ತಲೆ ಕೆರೆದುಕೊಂಡು ವಾಪಸ್ ಬರುತ್ತಿದ್ದೆ.

ಮುಂದೆ ಹೋಗುವ ಮುಂಚೆ ಒಳಗೆ ನಡೆಯುವುದೇನು ಅಂತ ಹೇಳಿಬಿಡುತ್ತೇನೆ. ಕರೆಂಟು ಹೋಗುವ ದಾರಿ ಒಂದೇ ದಾರದಲ್ಲಿ ಪೋಣಿಸಿದ ಹಾಗಿದೆ. ಸ್ವಿಚ್ಚಿನಿಂದ ಚೋಕಿಗೆ, ಚೋಕಿನಿಂದ ಟ್ಯೂಬಿನ ಒಂದು ತುದಿಯ ಫಿಲಮೆಂಟಿಗೆ, ಅಲ್ಲಿಂದ ಸ್ಟಾರ್ಟರಿಗೆ, ಸ್ಟಾರ್ಟರಿನಿಂದ ಇನ್ನೊಂದು ತುದಿಯ ಫಿಲಮೆಂಟಿಗೆ, ಕೊನೆಗೆ ನ್ಯೂಟ್ರಲ್‌ಗೆ. ಸ್ಟಾರ್ಟರಿನ ಡಬ್ಬಿ ಬಿಚ್ಚಿದರೆ ಒಳಗೆ ಚಿಕ್ಕ ಗಾಜಿನ ಬಲ್ಬು ಇರುತ್ತದೆ. ಅದರಲ್ಲಿ ಸ್ವಲ್ಪ ಅನಿಲ, ಬಿಸಿಯಾದರೆ ಬಾಗುವ ಒಂದು ಲೋಹದ ಪಟ್ಟಿ. ಬಲ್ಬಿನ ಪಕ್ಕದಲ್ಲಿ ಪುಟಾಣಿ ಕೆಪಾಸಿಟರ್.

ಸ್ವಿಚ್ ಹಾಕಿದ ಕೂಡಲೇ ಪೂರ್ತಿ 230 ವೋಲ್ಟ್ ಈ ಸ್ಟಾರ್ಟರಿನ ಮೇಲೆ ಬೀಳುತ್ತದೆ. ಅನಿಲ ಮಂದವಾಗಿ ಹೊಳೆದು ಬಿಸಿಯಾಗುತ್ತದೆ. ಪಟ್ಟಿ ಬಾಗಿ ಎದುರಿನ ಕಡ್ಡಿಗೆ ತಾಗುತ್ತದೆ. ದಾರಿ ಪೂರ್ತಿಯಾಯಿತು, ಎರಡೂ ಫಿಲಮೆಂಟು ಕಿತ್ತಳೆ ಬಣ್ಣಕ್ಕೆ ಕಾಯುತ್ತವೆ. ಪಟ್ಟಿ ತಾಗಿದ ಮೇಲೆ ಅನಿಲದ ಹೊಳಪು ನಿಲ್ಲುತ್ತದೆ, ಪಟ್ಟಿ ಆರುತ್ತದೆ, ಬಿಟ್ಟುಕೊಳ್ಳುತ್ತದೆ. ಆ ಬಿಡುವ ಕ್ಷಣದಲ್ಲಿ ಚೋಕು ನೂರಾರು ವೋಲ್ಟಿನ ಒಂದು ಏಟು ಕೊಡುತ್ತದೆ. ಟ್ಯೂಬು ಹತ್ತುವುದು ಆ ಏಟಿಗೆ. ಹತ್ತಿದ ಮೇಲೆ ಟ್ಯೂಬಿನ ಎರಡು ತುದಿಗಳ ನಡುವೆ ಉಳಿಯುವುದು ಸುಮಾರು 100 ವೋಲ್ಟ್ ಮಾತ್ರ. ಸ್ಟಾರ್ಟರ್ ಎಚ್ಚರವಾಗಲು ಅಷ್ಟು ಸಾಲದು, ಅದು ಮಲಗಿಬಿಡುತ್ತದೆ. ಆಮೇಲಿನ ಕೆಲಸ ಪೂರ್ತಿ ಚೋಕಿನದು. ಕರೆಂಟು ಸುಮಾರು 0.43 ಆಂಪಿಯರ್ ದಾಟದ ಹಾಗೆ ಹಿಡಿದುಕೊಂಡಿರುವುದು.

ಇನ್ನು ಆ ಲೇಪ. ಫಿಲಮೆಂಟು ಟಂಗ್‌ಸ್ಟನ್ ತಂತಿ. ಅದರ ಮೇಲೆ ಬೇರಿಯಂ, ಸ್ಟ್ರಾನ್ಶಿಯಂ, ಕ್ಯಾಲ್ಸಿಯಂ ಆಕ್ಸೈಡುಗಳ ಬಿಳಿ ಲೇಪ ಇರುತ್ತದೆ. ಬಿಸಿಯಾದಾಗ ಎಲೆಕ್ಟ್ರಾನ್‌ಗಳನ್ನು ಧಾರಾಳವಾಗಿ ಹೊರಗೆ ಬಿಡುವುದು ತಂತಿಯಲ್ಲ, ಆ ಲೇಪ. ಪ್ರತಿ ಸಲ ಲೈಟು ಹತ್ತಿಸಿದಾಗಲೂ ಅದು ಸ್ವಲ್ಪ ಸ್ವಲ್ಪ ಉದುರುತ್ತದೆ. ಉದುರಿದ್ದು ಪಕ್ಕದ ಗಾಜಿಗೆ ಹೋಗಿ ಅಂಟುತ್ತದೆ. ದೊಡ್ಡಮ್ಮ ಮಸಿ ಅಂದಿದ್ದು ಅದನ್ನೇ. ಒದ್ದೆ ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಹೋಗುವುದಿಲ್ಲ, ಅದು ಗಾಜಿನ ಒಳಗಡೆ ಇದೆ.

ಕಪ್ಪೆಲ್ಲ ಒಂದೇ ಅಲ್ಲ ಅಂತಲೂ ಹೇಳಬೇಕು. ತುದಿಯಿಂದ ಎರಡು ಇಂಚು ಈಚೆಗೆ ತೆಳುವಾದ ಕಂದು ಬಳೆ ಕಾಣಿಸಿದರೆ ಹೆದರಬೇಕಿಲ್ಲ, ಚೆನ್ನಾಗಿ ಉರಿಯುವ ಟ್ಯೂಬಿನಲ್ಲೂ ಅದು ಬರುತ್ತದೆ. ಹೊಸ ಟ್ಯೂಬಿನಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಕಂಡರೆ ಬಹುಪಾಲು ಅದು ಕೂತ ಪಾದರಸ. ಬಿಸಿಯಾದರೆ ಮಾಯವಾಗುತ್ತದೆ. ಪಿನ್ನಿನ ಬುಡದಿಂದಲೇ ಶುರುವಾಗಿ ದಟ್ಟವಾಗಿ ಒಳಕ್ಕೆ ಹಬ್ಬಿದ ಕಪ್ಪು ಮಾತ್ರ ಬೇರೆ. ದೊಡ್ಡಮ್ಮನ ಟ್ಯೂಬಿನದು ಆ ಜಾತಿ. ಕಿಟಕಿ ಕಡೆಯ ತುದಿಯಲ್ಲಿ ಮೂರು ಬೆರಳಗಲ, ಬಾಗಿಲ ಕಡೆ ಒಂದೂವರೆ ಬೆರಳಗಲ ಇತ್ತು. ಎರಡು ಕಡೆ ಸಮ ಇಲ್ಲ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡೆ.

ಮೊದಲು ಏನನ್ನೂ ಮುಟ್ಟಲಿಲ್ಲ. ಸುಮ್ನೆ ಕುರ್ಚಿ ಹಾಕಿಕೊಂಡು ಕೂತು ದೊಡ್ಡಮ್ಮನಿಗೆ ಸ್ವಿಚ್ ಹಾಕಲು ಹೇಳಿದೆ. ಎರಡೂ ತುದಿ ಕಿತ್ತಳೆ ಬಣ್ಣಕ್ಕೆ ಕಾದವು. ಪಕ್ ಅಂತ ಟ್ಯೂಬು ಹೊಳೆಯಿತು, ಆರಿತು. ಮತ್ತೆ ತುದಿ ಕಾದವು, ಮತ್ತೆ ಪಕ್. ಸುಮಾರು ಎರಡು ಸೆಕೆಂಡಿಗೆ ಒಂದು ಸಲ.

ಇಷ್ಟು ನೋಡಿದ್ದಕ್ಕೇ ತುಂಬಾ ವಿಷಯ ಗೊತ್ತಾಯಿತು. ಎರಡೂ ತುದಿ ಕಾಯುತ್ತಿವೆ ಅಂದರೆ ಚೋಕು, ಎರಡು ಫಿಲಮೆಂಟು, ಹೋಲ್ಡರು, ಸ್ಟಾರ್ಟರು ಎಲ್ಲದರ ಮೂಲಕವೂ ಕರೆಂಟು ಹೋಗುತ್ತಿದೆ. ಚೋಕಿನ ಸುತ್ತು ಎಲ್ಲೂ ತುಂಡಾಗಿಲ್ಲ. ತುಂಡಾಗಿದ್ದರೆ ಟ್ಯೂಬು ಮಿಟುಕುವುದೂ ಇಲ್ಲ, ಸತ್ತ ಹಾಗೆ ಬಿದ್ದಿರುತ್ತದೆ. ಸ್ಟಾರ್ಟರು ತಾಗುತ್ತಿದೆ, ಬಿಡುತ್ತಲೂ ಇದೆ. ಅದು ಅಂಟಿಕೊಂಡುಬಿಟ್ಟಿದ್ದರೆ ಎರಡು ತುದಿ ಮಾತ್ರ ಕೆಂಡದ ಹಾಗೆ ಉರಿಯುತ್ತಾ ನಡುವೆ ಕತ್ತಲೆ ಇರುತ್ತಿತ್ತು, ಮಿಟುಕುತ್ತಿರಲಿಲ್ಲ. ಹೋದ ವರ್ಷ ಇದೇ ಮನೆಯ ಹಿತ್ತಲಿನ ಚಿಕ್ಕ ಟ್ಯೂಬಿನಲ್ಲಿ ಹಾಗೇ ಆಗಿತ್ತು. ಸ್ಟಾರ್ಟರನ್ನು ತಿರುಗಿಸಿ ತೆಗೆದ ತಕ್ಷಣ ಟ್ಯೂಬು ಜಗ್ ಅಂತ ಹತ್ತಿತ್ತು. ತೆಗೆದರೆ ಹತ್ತುತ್ತದೆ ಅಂದರೆ ಕೆಟ್ಟಿರುವುದು ಸ್ಟಾರ್ಟರೇ, ಅನುಮಾನ ಬೇಡ.

ವೋಲ್ಟೇಜೂ ನೋಡಿದೆ. ಪ್ಲಗ್ಗಿನಲ್ಲಿ 228 ತೋರಿಸಿತು. ವೋಲ್ಟೇಜ್ 180ರ ಹತ್ತಿರ ಕುಸಿದಾಗ ಒಳ್ಳೇ ಟ್ಯೂಬೂ ಹೀಗೆ ಮಿಟುಕುವುದುಂಟು. ಇಲ್ಲಿ ಅದಲ್ಲ.

ಒಂಬತ್ತನೇ ನಿಮಿಷಕ್ಕೆ ಟ್ಯೂಬು ಹತ್ತಿ ನಿಂತಿತು. ಗುಂಯ್ ಶುರುವಾಯಿತು. ಜೋರು ಸದ್ದೇ, ದೊಡ್ಡಮ್ಮ ಉತ್ಪ್ರೇಕ್ಷೆ ಮಾಡಿರಲಿಲ್ಲ.

ಈಗ ನನಗೆ ಬೇಕಾಗಿದ್ದ ಪರೀಕ್ಷೆ. ಒಣ ಮರದ ಸ್ಟೂಲ್ ಮೇಲೆ ನಿಂತು, ಒಣಗಿದ ಕೈಯಲ್ಲಿ, ಪ್ಲಾಸ್ಟಿಕ್ ಡಬ್ಬಿಯನ್ನು ಮಾತ್ರ ಹಿಡಿದು ಸ್ಟಾರ್ಟರನ್ನು ತಿರುಗಿಸಿ ಹೊರಗೆ ತೆಗೆದೆ. ಆ ತೂತುಗಳಲ್ಲಿ ಕರೆಂಟು ಇರುತ್ತದೆ, ಬೆರಳು ಹತ್ತಿರ ಹೋಗಬಾರದು. ಸ್ಟಾರ್ಟರಿನ ಡಬ್ಬಿ ಅಲ್ಯೂಮಿನಿಯಂದಾಗಿದ್ದರೆ, ಅಥವಾ ಸಾಕೆಟ್ಟು ಬಿರುಕು ಬಿಟ್ಟಿದ್ದರೆ, ನಾನೂ ಈ ಕೆಲಸ ಮಾಡುವುದಿಲ್ಲ.

ಟ್ಯೂಬು ಒಮ್ಮೆ ಹತ್ತಿದ ಮೇಲೆ ಸ್ಟಾರ್ಟರಿಗೆ ಕೆಲಸವೇ ಇಲ್ಲ ಅಂತ ಆಗಲೇ ಹೇಳಿದೆನಲ್ಲ. ಹಾಗಾಗಿ ಟ್ಯೂಬೂ ಚೋಕೂ ಚೆನ್ನಾಗಿದ್ದರೆ ಸ್ಟಾರ್ಟರ್ ತೆಗೆದರೂ ಬೆಳಕು ಅಲ್ಲಾಡದೆ ನಿಂತಿರಬೇಕು. ಇಲ್ಲಿ ನಿಲ್ಲಲಿಲ್ಲ. ನೇರವಾಗಿ ನೋಡಿದರೆ ಉರಿಯುತ್ತಿದೆ ಅನ್ನಿಸುತ್ತಿತ್ತು. ಮುಖ ತಿರುಗಿಸಿ ಓರೆಗಣ್ಣಲ್ಲಿ ನೋಡಿದರೆ ಬೆಳಕು ನಡುಗುತ್ತಿತ್ತು. ಕಿಟಕಿ ಕಡೆಯ ಕಪ್ಪು ತುದಿ ಮಂಕಾಗಿತ್ತು. ಅರ್ಧ ನಿಮಿಷಕ್ಕೆ ಆರಿಹೋಯಿತು. ಸ್ಟಾರ್ಟರ್ ಕೈಯಲ್ಲಿದೆ, ಆದರೂ ಕಾಯಿಲೆ ಅಲ್ಲೇ ಇದೆ. ಮೂರು ಸ್ಟಾರ್ಟರಿಗೆ ಖರ್ಚು ಮಾಡಿದ ದುಡ್ಡು ಹೋಯಿತು ಅಂತ ಆಗಲೇ ಖಾತ್ರಿಯಾಯಿತು.

ಸ್ವಿಚ್ ಆರಿಸಿ, ಟ್ಯೂಬನ್ನು ಇಳಿಸಿ, ತುದಿ ಅದಲುಬದಲು ಮಾಡಿ ಹಾಕಿ, ಸ್ಟಾರ್ಟರನ್ನೂ ವಾಪಸ್ ಕೂರಿಸಿ ಹತ್ತಿಸಿದೆ. ಮಂಕು ತುದಿ ಈಗ ಬಾಗಿಲ ಕಡೆಗೆ ಬಂತು. ಹಾಗಾಗಿ ಹೋಲ್ಡರಿನ ದೋಷವೂ ಅಲ್ಲ. ಹೋಲ್ಡರಿನ ಹಿಡಿತ ಸಡಿಲವಾಗಿದ್ದರೆ ಮಂಕು ಕಿಟಕಿ ಕಡೆಯೇ ಉಳಿಯಬೇಕಿತ್ತು, ಅಲ್ವಾ.

"ಹಾಗಾದ್ರೆ ಈ ಗುಂಯ್ ಯಾತಕ್ಕೆ? ಟ್ಯೂಬಿನ ಒಳಗೆ ಸದ್ದು ಮಾಡೋ ಅಂಥದ್ದು ಏನೂ ಇಲ್ಲವಲ್ಲೋ" ಅಂದರು ದೊಡ್ಡಮ್ಮ. ಒಳ್ಳೇ ಪ್ರಶ್ನೆ. ಆ ಹುಡುಗ ಚೋಕ್ ಹೋಗಿದೆ ಅಂದಿದ್ದೂ ಇದೇ ಸದ್ದಿನ ಆಧಾರದ ಮೇಲೆ.

ಉತ್ತರವನ್ನು ಬಾಯಲ್ಲಿ ಹೇಳುವ ಬದಲು ತೋರಿಸೋಣ ಅನ್ನಿಸಿತು. ಮಲಗುವ ಕೋಣೆಯ ಟ್ಯೂಬನ್ನು ಇಳಿಸಿ ತಂದು ಅಡುಗೆಮನೆಯ ಪಟ್ಟಿಗೆ ಹಾಕಿದೆ. ಅಡುಗೆಮನೆಯದನ್ನು ಕೋಣೆಯ ಪಟ್ಟಿಗೆ ಹಾಕಿದೆ. ಸ್ಟಾರ್ಟರು, ಚೋಕು ಯಾವುದನ್ನೂ ಕದಲಿಸಲಿಲ್ಲ. ಬದಲಾಗಿದ್ದು ಟ್ಯೂಬು ಮಾತ್ರ.

ಅಡುಗೆಮನೆಯಲ್ಲಿ ಎರಡನೇ ಮಿಟುಕಿಗೆ ಲೈಟು ಹತ್ತಿತು. ಗುಂಯ್ ಪೂರ್ತಿ ಹೋಗಲಿಲ್ಲ, ಆದರೆ ಮುಕ್ಕಾಲು ಪಾಲು ಇಳಿಯಿತು. ಕೋಣೆಗೆ ಹೋಗಿ ಅಲ್ಲಿಯ ಸ್ವಿಚ್ ಹಾಕಿದೆವು. ಇಷ್ಟು ವರ್ಷ ಉಸಿರೆತ್ತದ ಆ ಪಟ್ಟಿ ಏಳೆಂಟು ನಿಮಿಷ ಮಿಟುಕಿತು. ಹತ್ತಿದ ಮೇಲೆ ಗುಂಯ್ ಅನ್ನತೊಡಗಿತು. ದೊಡ್ಡಮ್ಮ ಒಮ್ಮೆ ಪಟ್ಟಿ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಸದ್ದು ಟ್ಯೂಬಿನ ಜೊತೆಗೇ ನಡೆದುಕೊಂಡು ಬಂದಿತ್ತು.

ಇದು ಹೇಗೆ ಅಂದರೆ, ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆಚೆ ಈಚೆ ಓಡಾಡುತ್ತದೆ. ಒಂದು ಓಟದಲ್ಲಿ ಕಿಟಕಿ ಕಡೆಯ ಫಿಲಮೆಂಟು ಎಲೆಕ್ಟ್ರಾನ್ ಕೊಡುತ್ತದೆ, ಬಾಗಿಲ ಕಡೆಯದು ತೆಗೆದುಕೊಳ್ಳುತ್ತದೆ. ಮರು ಓಟದಲ್ಲಿ ಉಲ್ಟಾ. ಎರಡೂ ಕಡೆ ಲೇಪ ಇದ್ದಾಗ ಹೋಗುವ ಓಟ, ಬರುವ ಓಟ ಸಮ. ಒಂದು ಕಡೆಯ ಲೇಪ ಮುಗಿದುಹೋದರೆ ಆ ಕಡೆಯಿಂದ ಹೊರಡಬೇಕಾದ ಓಟ ಕುಂಟುತ್ತದೆ. ಒಂದು ದಿಕ್ಕಿಗೆ ಕರೆಂಟು ಸರಾಗ, ಇನ್ನೊಂದು ದಿಕ್ಕಿಗೆ ಕಷ್ಟ. ಟ್ಯೂಬು ಅರ್ಧಂಬರ್ಧ ಡಯೋಡಿನ ಹಾಗೆ ನಡೆದುಕೊಳ್ಳುತ್ತದೆ.

ಚೋಕಿಗೆ ಇದು ಆಗಿಬರುವುದಿಲ್ಲ. ಚೋಕು ಅಂದರೆ ತೆಳು ಕಬ್ಬಿಣದ ಹಾಳೆಗಳ ಕಟ್ಟು, ಅದರ ಮೇಲೆ ತಂತಿಯ ಸುತ್ತು. ಎರಡು ದಿಕ್ಕಿಗೂ ಸಮನಾಗಿ ಓಡಾಡುವ ಕರೆಂಟಿಗೆ ಮಾಡಿದ್ದು. ಒಂದೇ ದಿಕ್ಕಿನ ಪಾಲು ಜಾಸ್ತಿಯಾದರೆ ಕಬ್ಬಿಣದ ಕಾಂತಶಕ್ತಿ ಒಂದು ಕಡೆಗೇ ತುಂಬಿ ತುಳುಕುತ್ತದೆ. ಹಾಳೆಗಳ ಮೇಲೆ ಎಳೆತ ಏರುಪೇರಾಗುತ್ತದೆ, ಕಂಪನ ಹೆಚ್ಚುತ್ತದೆ. ಸದ್ದು ಬರುವುದು ಚೋಕಿನಿಂದಲೇ, ಆದರೆ ಬರಿಸುತ್ತಿರುವುದು ಟ್ಯೂಬು. ಓರೆಗಣ್ಣಿಗೆ ಕಂಡ ನಡುಕವೂ ಇದೇ. ಸರಿಯಾದ ಟ್ಯೂಬು ಸೆಕೆಂಡಿಗೆ 100 ಸಲ ಹೊಳೆಯುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಪ್ರತಿ ಎರಡನೇ ಹೊಳಪು ಕುಂಟಿದರೆ ಅದು 50ರ ನಡುಕವಾಗುತ್ತದೆ, ಕಣ್ಣಿನ ಅಂಚಿಗೆ ಸಿಕ್ಕಿಬೀಳುತ್ತದೆ.

ಮಿಟುಕುವುದಕ್ಕೂ ಮೂಲ ಇಲ್ಲೇ ಇದೆ. ಲೇಪ ಸವೆದಂತೆ ಟ್ಯೂಬು ಉರಿಯಲು ಹೆಚ್ಚು ವೋಲ್ಟ್ ಕೇಳುತ್ತದೆ. 100ರ ಹತ್ತಿರ ಇರಬೇಕಾದದ್ದು ಏರುತ್ತಾ ಹೋಗುತ್ತದೆ. ಒಂದು ಹಂತ ದಾಟಿದರೆ ಮಲಗಿದ್ದ ಸ್ಟಾರ್ಟರಿಗೆ ಎಚ್ಚರವಾಗುತ್ತದೆ. ಟ್ಯೂಬು ಇನ್ನೂ ಹತ್ತಿಲ್ಲ ಅಂದುಕೊಂಡು ಪಟ್ಟಿ ತಾಗಿಸುತ್ತದೆ, ಇದ್ದ ಬೆಳಕೂ ಆರುತ್ತದೆ. ಮತ್ತೆ ಬಿಡುತ್ತದೆ, ಮತ್ತೆ ಹತ್ತುತ್ತದೆ. ಪಾಪ, ಸ್ಟಾರ್ಟರು ತನ್ನ ಡ್ಯೂಟಿ ಮಾಡುತ್ತಿದೆ ಅಷ್ಟೇ.

ಹಾಗಿದ್ದರೆ ನವೆಂಬರಿನಲ್ಲಿ ಹೊಸ ಸ್ಟಾರ್ಟರ್ ಹಾಕಿದಾಗ ಎರಡು ವಾರ ಸರಿಹೋಗಿದ್ದು ಯಾಕೆ? ಎಲ್ಲ ಸ್ಟಾರ್ಟರುಗಳೂ ಒಂದೇ ವೋಲ್ಟಿಗೆ ಎಚ್ಚರವಾಗುವುದಿಲ್ಲ. ಹೊಸದು ಹಳೆಯದಕ್ಕಿಂತ ಸ್ವಲ್ಪ ಮೇಲಿನ ವೋಲ್ಟಿಗೆ ಏಳುವಂಥದ್ದಾಗಿದ್ದರೆ ಅಷ್ಟರಮಟ್ಟಿಗೆ ಟ್ಯೂಬಿನ ಏರಿಕೆಯನ್ನು ತಡೆದುಕೊಳ್ಳುತ್ತದೆ. ಟ್ಯೂಬು ಇನ್ನಷ್ಟು ಸವೆದು ಆ ಗೆರೆಯನ್ನೂ ದಾಟಿದಾಗ ಮತ್ತೆ ಮಿಟುಕು ಶುರು. ಎರಡು ವಾರ, ಹತ್ತು ದಿನ, ಎರಡು ದಿನ ಅಂತ ಅವಧಿ ಕಿರಿದಾಗುತ್ತಾ ಬಂದಿತ್ತಲ್ಲ. ಹೀಗೆ ಸ್ಟಾರ್ಟರು ಬದಲಾಯಿಸಿದಷ್ಟೂ ಆರಾಮದ ದಿನ ಕಡಿಮೆಯಾಗುತ್ತಾ ಬಂದರೆ ನಾನು ಟ್ಯೂಬು ನೋಡದೇನೇ ಟ್ಯೂಬು ಅನ್ನುತ್ತೇನೆ.

ಮಿಟುಕುತ್ತಾ ಬಿಡುವುದರಿಂದ ಏನು ನಷ್ಟ ಅಂತ ಒಂದು ಒರಟು ಲೆಕ್ಕ ಹಾಕಿದೆ. ಅಡುಗೆಮನೆಯಲ್ಲಿ ದಿನಕ್ಕೆ ಮೂರು ಸಲ ಲೈಟು ಹಾಕುತ್ತಾರೆ. ಎರಡು ಸೆಕೆಂಡಿಗೊಂದರಂತೆ ಹತ್ತು ನಿಮಿಷ ಮಿಟುಕಿದರೆ ಮುನ್ನೂರು ಸಲ ಹತ್ತಿಸಿದ ಹಾಗಾಯಿತು. ಅಂದರೆ ನೂರು ದಿನದ ಸವೆತ ಒಂದೇ ಬೆಳಿಗ್ಗೆ. ಎರಡೂ ತಾಳೆ ಹಾಕಿದ ಹಾಗೆ ಒಂದೇ ಅಲ್ಲ, ಆದರೂ ಕೊನೇ ವಾರಗಳಲ್ಲಿ ಕಪ್ಪು ಯಾಕೆ ದಿಢೀರನೆ ಹಬ್ಬುತ್ತದೆ ಅನ್ನುವುದು ಇದರಿಂದ ಅರ್ಥವಾಗುತ್ತದೆ. ಚೋಕಿಗೂ ಒಳ್ಳೆಯದಲ್ಲ. ಸ್ಟಾರ್ಟರು ತಾಗಿದ ಹೊತ್ತಿನಲ್ಲಿ ಹರಿಯುವ ಕರೆಂಟು ಉರಿಯುವಾಗಿನದಕ್ಕಿಂತ ಜಾಸ್ತಿ. ತಿಂಗಳುಗಟ್ಟಲೆ ಹೀಗೇ ಬಿಟ್ಟರೆ ಚೋಕು ಕಾದು ಕಾದು ಒಳಗಿನ ವಾರ್ನಿಷ್ ಸುಟ್ಟು ನಿಜಕ್ಕೂ ಹಾಳಾಗುತ್ತದೆ. ಆಗ ಆ ಹುಡುಗನ ಮಾತು ತಡವಾಗಿ ನಿಜವಾಗುತ್ತಿತ್ತು.

ಅದಕ್ಕೇ ಚೋಕನ್ನು ನೋಡದೆ ಬಿಡುವ ಹಾಗಿರಲಿಲ್ಲ. ಮೇನ್ ಆರಿಸಿ, ಪಟ್ಟಿ ಬಿಚ್ಚಿ, ಚೋಕಿನ ಒಂದು ತಂತಿ ಕಳಚಿ ಮೀಟರ್ ಹಿಡಿದೆ. ಮೂವತ್ತು ಓಮಿನ ಆಸುಪಾಸು ಬಂತು. ಕೋಣೆಯ ಚೋಕಿನದೂ ಹೆಚ್ಚುಕಡಿಮೆ ಅಷ್ಟೇ. ಈ ಅಂಕಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಹಾಗಾಗಿ ಜೊತೆಯದಕ್ಕೆ ಹೋಲಿಸಿ ನೋಡುವುದೇ ನನಗೆ ಹೆಚ್ಚು ನಂಬಿಕೆ. ಆದರೆ ಕೆಲವೇ ಸುತ್ತು ಒಂದಕ್ಕೊಂದು ತಾಗಿಕೊಂಡಿದ್ದರೆ ಓಮಿನಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಉರಿಯುವಾಗಿನ ಕರೆಂಟು ಅಳೆಯಬೇಕು. ಕ್ಲ್ಯಾಂಪ್ ಮೀಟರಿಗೆ ಅರ್ಧ ಆಂಪಿಯರ್ ಅಂದರೆ ತೀರಾ ಸಣ್ಣದು, ನೆಚ್ಚಿಕೊಳ್ಳುವ ಹಾಗಿಲ್ಲ. ಒಂದು ಉದ್ದ ತಂತಿ ಸೇರಿಸಿ ಮೀಟರಿನ ಬಾಯಿಗೆ ಐದು ಸುತ್ತು ಸುತ್ತಿದೆ. ಒಳ್ಳೇ ಟ್ಯೂಬು ಹಾಕಿ ಹತ್ತಿಸಿದಾಗ 2.1 ತೋರಿಸಿತು. ಐದರಿಂದ ಭಾಗಿಸಿದರೆ 0.42. ಚೋಕಿನ ಮೇಲೆ ಬರೆದಿದ್ದದ್ದು 0.43. ಚೋಕು ಗಟ್ಟಿಮುಟ್ಟಾಗಿದೆ.

ಈ ಅಂಕಿಯ ಬೆಲೆ ನನಗೆ ಗೊತ್ತಾಗಿದ್ದು ಚಾಮರಾಜಪೇಟೆಯ ಒಂದು ಟೈಲರ್ ಅಂಗಡಿಯಲ್ಲಿ. ಅಲ್ಲಿ ಇದಕ್ಕೆ ತದ್ವಿರುದ್ಧ. ಹೊಸ ಟ್ಯೂಬು ಹಾಕಿದರೆ ಝಗ್ ಅಂತ ಹತ್ತುತ್ತಿತ್ತು, ಬೆಳಕೂ ಎಂದಿಗಿಂತ ಜೋರು. ಹತ್ತೇ ದಿನಕ್ಕೆ ಎರಡೂ ತುದಿ ಸಮಸಮನಾಗಿ ಕಪ್ಪಾಗಿ ಟ್ಯೂಬು ಸಾಯುತ್ತಿತ್ತು. ಟೈಲರು ಮೂರು ಟ್ಯೂಬು ಸುಟ್ಟುಕೊಂಡಿದ್ದರು, ಡೂಪ್ಲಿಕೇಟ್ ಮಾಲು ಅಂತ ಅಂಗಡಿಯವನನ್ನು ಬೈದಿದ್ದರು. ಪಟ್ಟಿಯ ಹತ್ತಿರ ಮೂಗು ತಂದರೆ ಸುಟ್ಟ ವಾರ್ನಿಷ್ ವಾಸನೆ. ಕರೆಂಟು 0.6 ಮೀರಿತ್ತು. ಚೋಕಿನ ಸುತ್ತುಗಳು ಒಳಗೊಳಗೇ ಅಂಟಿಕೊಂಡು ತಡೆಯುವ ಶಕ್ತಿ ಕಳೆದುಕೊಂಡಿತ್ತು. ಅಲ್ಲಿ ಟ್ಯೂಬುಗಳು ಸತ್ತಿದ್ದು ವಯಸ್ಸಾಗಿ ಅಲ್ಲ, ಚೋಕು ಕೊಂದಿತ್ತು. ಕಪ್ಪು ಎರಡು ಕಡೆಯೂ ಇತ್ತು, ಇಲ್ಲೂ ಇದೆ. ಹಾಗಾಗಿ ಕಪ್ಪು ಕಂಡಾಗ ಎಷ್ಟು ಕಪ್ಪು ಅಂತ ಕೇಳುವುದಕ್ಕಿಂತ ಎಷ್ಟು ದಿನದಲ್ಲಿ ಕಪ್ಪಾಯಿತು ಅಂತ ಕೇಳುತ್ತೇನೆ. ದೊಡ್ಡಮ್ಮನ ಟ್ಯೂಬಿಗೆ ಐದು ವರ್ಷ ದಾಟಿತ್ತು. ದಿನಕ್ಕೆ ಐದು ಗಂಟೆ ಅಂದರೂ ಒಂಬತ್ತು ಸಾವಿರ ಗಂಟೆ. ಇಂಥ ಟ್ಯೂಬಿಗೆ ಅದು ಮುಪ್ಪಿನ ವಯಸ್ಸೇ. ಕೋಣೆಯದು ದಿನಕ್ಕೆ ಒಂದೆರಡು ಗಂಟೆ ಉರಿಯುವುದು, ಅದಕ್ಕೇ ಇನ್ನೂ ಹರೆಯದಲ್ಲಿದೆ.

ಇನ್ನು ಉಳಿದ ಕಾಲು ಪಾಲು ಗುಂಯ್. ಒಳ್ಳೇ ಟ್ಯೂಬು ಹಾಕಿದ ಮೇಲೂ ಅದು ಇತ್ತು. "ದೊಡ್ಡಮ್ಮ, ಲಟ್ಟಣಿಗೆ ಕೊಡಿ" ಅಂದೆ. ಅದರ ತುದಿಯಿಂದ ತಗಡಿನ ಪಟ್ಟಿಯನ್ನು ಒತ್ತಿ ಹಿಡಿದೆ. ಸದ್ದು ನಿಂತಿತು. ಕೈ ಸಡಿಲಿಸಿದೆ, ಬಂತು. ಚೋಕು ಚೆನ್ನಾಗಿದ್ದಾಗಲೂ ಅದರ ಹಾಳೆಗಳು ಸೆಕೆಂಡಿಗೆ 100 ಸಲ ಕಂಪಿಸುತ್ತವೆ. ಅದು ಬಿಗಿಯಾಗಿ ಕೂತಿದ್ದರೆ ಕಿವಿಗೆ ಬೀಳುವುದಿಲ್ಲ. ಇಲ್ಲಿ ಚೋಕು ಹಿಡಿದಿದ್ದ ಎರಡು ಸ್ಕ್ರೂಗಳಲ್ಲಿ ಒಂದು ಸಡಿಲವಾಗಿತ್ತು. ತಗಡು ತಮಟೆಯಾಗಿ ಸದ್ದನ್ನು ಹಿಗ್ಗಿಸುತ್ತಿತ್ತು. ಮೇನ್ ಆರಿಸಿ ಸ್ಕ್ರೂ ಬಿಗಿ ಮಾಡಿದೆ. ತಗಡಿನ ಮುಚ್ಚಳ ಕೂರುವ ಅಂಚಿಗೆ ಹಳೇ ಸೈಕಲ್ ಟ್ಯೂಬಿನ ರಬ್ಬರ್ ತುಂಡು ಎರಡು ಇಟ್ಟೆ. ಚೋಕಿಗೂ ತಗಡಿಗೂ ನಡುವೆ ಮಾತ್ರ ರಬ್ಬರ್ ಇಡಬೇಡಿ. ಅದರ ಬಿಸಿ ತಗಡಿಗೆ ಇಳಿಯಬೇಕು, ಇಳಿಯದಿದ್ದರೆ ಸದ್ದು ಹೋಗಿ ಚೋಕೂ ಹೋಗುತ್ತದೆ.

ಹೊಸ ಟ್ಯೂಬಿಗೆ ಶ್ರೀನಗರ, ಹನುಮಂತನಗರದ ಎರಡು ಮೂರು ಅಂಗಡಿ ಸುತ್ತಿದೆ. ಎಲ್ಲರೂ ಎಲ್ಇಡಿ ಪಟ್ಟಿ ಮುಂದೆ ಹಿಡಿದರು. ಕೊನೆಗೆ ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ 36 ವ್ಯಾಟಿನದು ಸಿಕ್ಕಿತು. ಅಲ್ಲಿಂದ ಆಟೋದಲ್ಲಿ ನಾಲ್ಕಡಿ ಗಾಜು ಹಿಡಿದುಕೊಂಡು ಬರುವುದು ಒಂದು ಸಾಹಸ, ಅದು ಬೇರೆ ಕಥೆ.

ಎಲ್ಇಡಿಯೇ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು, ದೊಡ್ಡಮ್ಮನೂ ಕೇಳಿದರು. ಲೆಕ್ಕ ಹೀಗಿದೆ. ಟ್ಯೂಬು 36, ಚೋಕು ತಾನೇ ನುಂಗುವುದು ಸುಮಾರು 10, ಒಟ್ಟು 46 ವ್ಯಾಟ್. ಅದೇ ಬೆಳಕಿಗೆ ಎಲ್ಇಡಿ 20 ವ್ಯಾಟ್ ಸಾಕು. ದಿನಕ್ಕೆ ಐದು ಗಂಟೆಗೆ ತಿಂಗಳಲ್ಲಿ ನಾಲ್ಕು ಯೂನಿಟ್ ಉಳಿತಾಯ. ನನ್ನ ಮನೆಯಾಗಿದ್ದರೆ ಎಲ್ಇಡಿಯೇ ಹಾಕುತ್ತಿದ್ದೆ. ದೊಡ್ಡಮ್ಮನಿಗೆ ಅದರ ಬೆಳಕು ಕಣ್ಣಿಗೆ ಚುಚ್ಚುತ್ತದಂತೆ, ಇರೋದನ್ನೇ ರಿಪೇರಿ ಮಾಡು ಅಂದರು. ಹಳೇ ಪಟ್ಟಿಗೇ ಎಲ್ಇಡಿ ಟ್ಯೂಬು ಹಾಕುವವರು ಒಂದು ಎಚ್ಚರ ವಹಿಸಬೇಕು. ಕೆಲವಕ್ಕೆ ಚೋಕನ್ನು ತಪ್ಪಿಸಿ ವೈರಿಂಗ್ ಬದಲಿಸಬೇಕು. ಕೆಲವದರ ಜೊತೆ ಸ್ಟಾರ್ಟರಿನ ಆಕಾರದ ಒಂದು ತುಂಡು ಬರುತ್ತದೆ, ಅದನ್ನೇ ಹಾಕಬೇಕು. ಹಳೇ ಸ್ಟಾರ್ಟರನ್ನು ಅದರ ಜೊತೆ ಬಿಡಬಾರದು. ಡಬ್ಬಿಯ ಮೇಲಿನ ಚಿತ್ರ ನೋಡದೆ ಕೈ ಹಾಕಬೇಡಿ.

ಹೊಸ ಟ್ಯೂಬು ಅಡುಗೆಮನೆಗೆ ಏರಿತು, ಕೋಣೆಯದು ಕೋಣೆಗೆ ವಾಪಸ್ ಹೋಯಿತು. ಸತ್ತ ಟ್ಯೂಬನ್ನು ಹೊಸದರ ರಟ್ಟಿನ ಕವಚದಲ್ಲಿ ತೂರಿಸಿ, ಬಾಯಿ ಕಟ್ಟಿ ಅಟ್ಟದ ಮೇಲಿಟ್ಟೆ. ಅದರಲ್ಲಿ ಪಾದರಸ ಇದೆ. ಒಡೆದು ಕಸದ ಗಾಡಿಗೆ ಹಾಕುವಂಥದ್ದಲ್ಲ, ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಬೇಕು.

ಕಾಫಿ ಕುಡಿಯುವಾಗ ದೊಡ್ಡಮ್ಮ ಒಂದು ಸ್ಟೀಲ್ ಡಬ್ಬಿ ತಂದಿಟ್ಟರು. ತೆಗೆದುಹಾಕಿದ್ದ ಹಳೇ ಸ್ಟಾರ್ಟರುಗಳೆಲ್ಲ ಅದರಲ್ಲಿದ್ದವು. ಯಾವುದನ್ನೂ ಎಸೆದಿರಲಿಲ್ಲ. ಮೂರನ್ನೂ ಒಂದೊಂದಾಗಿ ಕೋಣೆಯ ಪಟ್ಟಿಗೆ ಹಾಕಿ ನೋಡಿದೆ. ಮೂಲದಲ್ಲಿ ಪಟ್ಟಿಯ ಜೊತೆ ಬಂದಿದ್ದದ್ದು ಐದಾರು ಸಲ ತಡವರಿಸಿ ಹತ್ತಿಸಿತು, ಅದಕ್ಕೆ ನಿಜವಾಗಿಯೂ ವಯಸ್ಸಾಗಿತ್ತು. ನವೆಂಬರಿನದು ಮತ್ತು ಡಿಸೆಂಬರಿನದು ಒಂದೇ ಏಟಿಗೆ ಹತ್ತಿಸಿದವು.

"ಹಾಗಾದ್ರೆ ಇವೆರಡು ಇಟ್ಕೊಳ್ಳಲಾ?" ಅಂದರು.

"ಇಟ್ಕೊಳ್ಳಿ ದೊಡ್ಡಮ್ಮ" ಅಂದೆ. ಅವರು ಸ್ಕೆಚ್ ಪೆನ್ನಿನಲ್ಲಿ ಒಂದೊಂದರ ಮೇಲೂ "ಚೆನ್ನಾಗಿದೆ" ಅಂತ ಬರೆದು ಡಬ್ಬಿಗೆ ಹಾಕಿದರು. ಆಮೇಲೆ ಅದೇ ಪೆನ್ ನನ್ನ ಕೈಗೆ ಕೊಟ್ಟು, ಹೊಸ ಟ್ಯೂಬಿನ ತುದಿಯ ಮೇಲೆ ಆವತ್ತಿನ ತಾರೀಕು ಬರೆಸಿದರು.